ಒಣಗಿದ ಬಕೆಟ್ ಲೇಬಲ್‌ನ ಫೋಟೋ ನೋಡಿ ಪೇಂಟ್ ಕಂಪನಿ, ಶೇಡ್ ಪತ್ತೆ ಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಲ್ಲಿ ಪೇಂಟಿಗೆ ಬಣ್ಣ ಬೆರೆಸುವ ಟಿಂಟಿಂಗ್ ಮೆಷಿನ್ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರ ಫೋನ್ ತೆಗೆದು ನೋಡಿ. ಮನೆಯವರ ಫೋಟೋಗಳಿಗಿಂತ ಬಕೆಟ್ ಫೋಟೋಗಳೇ ಹೆಚ್ಚಿರುತ್ತವೆ. ನನ್ನದೂ ಹಾಗೆಯೇ. ಆ ಫೋಟೋಗಳ ಜೊತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಸುಲಭದ್ದು ಮೊದಲು ಕಷ್ಟದ್ದು ಆಮೇಲೆ ಎಂಬ ಕ್ರಮದಲ್ಲಿ ಇಲ್ಲಿ ಇಟ್ಟಿದ್ದೇನೆ. ನೀರಿನಲ್ಲಿ ಕಲಸುವ ಎಮಲ್ಷನ್ ಪೇಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆಯಿಲ್ ಪೇಂಟಿಗೆ ಬೇರೆ ಮಾತಿರುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

## ಮೊದಲ ಹೆಜ್ಜೆ: ಯಾವ ಲೇಬಲ್, ಎಂಥ ಫೋಟೋ

ಅಟ್ಟದ ಮೇಲೆ ಹಳೇ ಪೇಂಟ್ ಬಕೆಟ್ ಸಿಕ್ತು. ಫೋಟೋ ಕಳಿಸಿದ್ದೀನಿ ನೋಡಿ, ಗೋಡೆಗೆ ಹಾಕಿದ್ದು ಯಾವ ಬಣ್ಣ ಹೇಳ್ತೀರಾ?

ಹತ್ತರಲ್ಲಿ ಏಳೆಂಟು ಸಲ ಫೋಟೋದಲ್ಲಿ ಕಾಣುವುದು ಬಕೆಟ್ಟಿನ ಮುಂಭಾಗ: ಕಂಪನಿಯ ದೊಡ್ಡ ಹೆಸರು, ನಗುತ್ತಿರುವ ಕುಟುಂಬದ ಚಿತ್ರ, ಪೇಂಟಿನ ಹೆಸರು. ಅದು ಕಾರ್ಖಾನೆಯಲ್ಲೇ ಅಚ್ಚಾಗಿ ಬಂದ ಲೇಬಲ್. ಒಳಗಿನ ಪೇಂಟು ಅಂಗಡಿಗೆ ಬಂದಾಗ ಬಿಳಿಯೋ, ಹಾಲಿನಂಥ ನೀರುಬಣ್ಣವೋ ಆಗಿತ್ತು. ನಿಮ್ಮ ಗೋಡೆಯ ಬಣ್ಣ ಹುಟ್ಟಿದ್ದು ಅಂಗಡಿಯ ಮೆಷಿನ್ನಿನಲ್ಲಿ. ಹಾಗಾಗಿ ಆ ಬಣ್ಣದ ಗುರುತು ಕಾರ್ಖಾನೆಯ ಲೇಬಲ್ ಮೇಲೆ ಇರುವುದಿಲ್ಲ. ಅದು ಬೇರೊಂದು ಚಿಕ್ಕ ಸ್ಟಿಕ್ಕರ್ ಮೇಲೆ ಇರುತ್ತದೆ. ಬಿಳಿ ಕಾಗದದ್ದು, ಅಂಗೈಗಿಂತ ಚಿಕ್ಕದು, ಸಾಮಾನ್ಯವಾಗಿ ಮುಚ್ಚಳದ ಮೇಲೆ ಅಥವಾ ಬಕೆಟ್ಟಿನ ಪಕ್ಕದಲ್ಲಿ ಅಂಟಿಸಿರುತ್ತಾರೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ‘ಯಾವ ಕಂಪನಿ’ ಮತ್ತು ‘ಯಾವ ಶೇಡ್’ ಎಂಬುವು ಎರಡು ಪ್ರತ್ಯೇಕ ಪ್ರಶ್ನೆಗಳು, ಉತ್ತರ ಸಿಗುವುದೂ ಎರಡು ಬೇರೆ ಜಾಗಗಳಲ್ಲಿ. ದೊಡ್ಡ ಲೇಬಲ್ ಕಂಪನಿ, ಪೇಂಟಿನ ದರ್ಜೆ, ಹೊಳಪು, ಬೇಸ್ ಇಷ್ಟನ್ನು ಹೇಳುತ್ತದೆ. ಚಿಕ್ಕ ಸ್ಟಿಕ್ಕರ್ ಶೇಡ್ ಹೇಳುತ್ತದೆ. ಎರಡೂ ಸಿಕ್ಕರೆ ಮಾತ್ರ ಅದೇ ಬಣ್ಣ ಮತ್ತೆ ಮಾಡಿಸಬಹುದು.

ಬಕೆಟ್ ಮೇಲೆ ‘ವೈಟ್ ಬೇಸ್’ ಅಂತ ಬರೆದಿದೆ. ಗೋಡೆ ನೋಡಿದ್ರೆ ತಿಳಿ ಹಸಿರು. ಇದು ಬೇರೆ ಯಾವುದೋ ಬಕೆಟ್ಟಾ?

ಇದೇ ಬಕೆಟ್ ಇರಬಹುದು. ಬೇಸ್ ಎಂದರೆ ಬಣ್ಣ ಬೆರೆಸುವ ಮುಂಚಿನ ಪೇಂಟು. ತಿಳಿ ಬಣ್ಣಗಳಿಗೆ ವೈಟ್ ಬೇಸ್ ಹಾಕುತ್ತಾರೆ, ಅದರಲ್ಲಿ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುತ್ತದೆ. ಗಾಢ ಬಣ್ಣಗಳಿಗೆ ಡೀಪ್ ಬೇಸ್, ಅದರಲ್ಲಿ ಬಿಳುಪು ಕಡಿಮೆ. ಕಡುಕೆಂಪು, ಕಡುನೀಲಿ ಥರದವಕ್ಕೆ ಬಿಳುಪೇ ಇಲ್ಲವೆನ್ನಬಹುದಾದ ಕ್ಲಿಯರ್ ಬೇಸ್. ಕಂಪನಿಗೊಂದು ಹೆಸರಿಟ್ಟಿರುತ್ತಾರೆ, ಕೆಲವರು ಬೇಸ್ 1, 2, 3 ಎಂದೂ, ಕೆಲವರು ಎ, ಬಿ, ಸಿ ಎಂದೂ ಬರೆಯುತ್ತಾರೆ.

ಬೇಸ್ ಯಾವುದೆಂದು ಬರೆದಿಟ್ಟುಕೊಳ್ಳಿ, ಅದು ಒಳ್ಳೆಯ ಸಾಕ್ಷಿ. ಗೋಡೆ ತಿಳಿ ಹಸಿರಿದ್ದು ಬಕೆಟ್ ಮೇಲೆ ಡೀಪ್ ಬೇಸ್ ಎಂದಿದ್ದರೆ ಆ ಬಕೆಟ್ ಈ ಗೋಡೆಯದ್ದಲ್ಲ ಎಂದು ಅಲ್ಲೇ ತೀರ್ಮಾನಿಸಬಹುದು.

ಫೋಟೋ ಹೇಗೆ ತೆಗೀಬೇಕು? ಕಳಿಸಿದ್ದೆಲ್ಲಾ ಮಸುಕು ಅಂತೀರಲ್ಲ.

ಬಕೆಟ್ಟನ್ನು ಹಗಲು ಬೆಳಕಿಗೆ ತನ್ನಿ. ನೇರ ಬಿಸಿಲು ಬೇಡ, ಬಾಗಿಲ ಹತ್ತಿರದ ನೆರಳು ಸಾಕು. ಫ್ಲ್ಯಾಶ್ ಆಫ್ ಮಾಡಿ. ಪ್ಲಾಸ್ಟಿಕ್ ಮೇಲೆ ಅದರ ಹೊಳಪು ಬಿದ್ದರೆ ಬೇಕಾದ ಅಂಕಿಯ ಮೇಲೇ ಬೀಳುತ್ತದೆ, ಏನು ಶಾಪವೋ ಗೊತ್ತಿಲ್ಲ. ಬಕೆಟ್ ದುಂಡಗಿರುವುದರಿಂದ ಒಂದೇ ಫೋಟೋದಲ್ಲಿ ಸ್ಟಿಕ್ಕರಿನ ಎರಡು ಅಂಚೂ ಚೊಕ್ಕ ಬರುವುದಿಲ್ಲ. ಬಕೆಟ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೂರು ಫೋಟೋ ತೆಗೆಯಿರಿ.

ಆಮೇಲೆ ಸ್ಟಿಕ್ಕರಿನ ಒಂದೇ ಒಂದು ಫೋಟೋ ಹೀಗೂ ಇರಲಿ: ಕೋಣೆ ಕತ್ತಲು ಮಾಡಿ, ಟಾರ್ಚನ್ನು ಸ್ಟಿಕ್ಕರಿನ ಪಕ್ಕದಲ್ಲಿ, ಹೆಚ್ಚುಕಡಿಮೆ ಅದಕ್ಕೆ ತಾಗುವಂತೆ ಮಲಗಿಸಿ ಹಿಡಿದು ತೆಗೆಯಿರಿ. ಪೆನ್ನಿನಲ್ಲಿ ಒತ್ತಿ ಬರೆದಿದ್ದರೆ ಶಾಯಿ ಹೋಗಿದ್ದರೂ ಕಾಗದದಲ್ಲಿ ಉಳಿದ ಗೀರು ಆ ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಮೇಲೆ ಉಬ್ಬಾಗಿ ಅಚ್ಚಾದ ಅಕ್ಷರಗಳೂ ಹಾಗೆಯೇ.

ಮುಚ್ಚಳ, ಬಕೆಟ್ಟಿನ ತಳ, ಹಿಡಿಕೆಯ ಕೆಳಗಿನ ಜಾಗ, ಇವುಗಳನ್ನೂ ಬಿಡಬೇಡಿ. ಮತ್ತೆ, ಫೋಟೋವನ್ನು ಮೆಸೇಜಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಅಂಕಿಗಳು ಕಲಸಿಹೋಗುತ್ತವೆ. ಫೈಲ್ ಆಗಿ ಕಳಿಸಿ.

## ಲೇಬಲ್ ಕೆಟ್ಟಿದ್ದರೆ

ಸ್ಟಿಕ್ಕರ್ ಮೇಲೆಲ್ಲಾ ಪೇಂಟ್ ಸುರಿದು ಒಣಗಿದೆ. ಥಿನ್ನರ್ ಹಚ್ಚಿ ಒರೆಸಲಾ?

ದಯವಿಟ್ಟು ಬೇಡ. ಮೆಷಿನ್ ಸ್ಟಿಕ್ಕರುಗಳಲ್ಲಿ ಬಹಳಷ್ಟು ಥರ್ಮಲ್ ಕಾಗದದವು, ಅಂದರೆ ಬಸ್ ಟಿಕೆಟ್, ಅಂಗಡಿ ಬಿಲ್ ಬರುವಂಥ ಕಾಗದ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದ ಕಡೆ ಕಾಗದದ ಮೇಲ್ಪದರ ಕಪ್ಪಾಗುತ್ತದೆ, ಅಷ್ಟೆ. ಸ್ಪಿರಿಟ್, ಥಿನ್ನರ್ ತಾಗಿದರೆ ಆ ಪದರ ಕೆಡುತ್ತದೆ. ಸ್ಪಿರಿಟ್ಟಿಗಂತೂ ಇಡೀ ಸ್ಟಿಕ್ಕರ್ ಕಪ್ಪಾಗಿಬಿಡಬಹುದು. ಹೇರ್ ಡ್ರೈಯರ್ ಹಿಡಿದು ಪೇಂಟ್ ಸಡಿಲಿಸಲು ಹೋದರೂ ಅದೇ ಗತಿ. ಒಬ್ಬರು ಹಾಗೆ ಮಾಡಿ ತಂದ ಮುಚ್ಚಳವನ್ನು ನಾನು ನೋಡಿದ್ದೇನೆ: ಪೇಂಟ್ ಚೆನ್ನಾಗಿ ಬಿಟ್ಟಿತ್ತು, ಕೆಳಗೆ ಚೌಕಾಕಾರದ ಕಪ್ಪು ಹಲಗೆ ಉಳಿದಿತ್ತು.

ಮೊದಲು ಇದ್ದಂತೆಯೇ ಫೋಟೋ ತೆಗೆದಿಡಿ. ಆಮೇಲೆ ಉಗುರಿನಿಂದ ಪೇಂಟಿನ ಅಂಚನ್ನು ಮೆಲ್ಲಗೆ ಎಬ್ಬಿಸಿ ನೋಡಿ. ಸ್ಟಿಕ್ಕರ್ ಮೇಲ್ಮೈ ನುಣುಪಾಗಿದ್ದರೆ ಒಣಗಿದ ಎಮಲ್ಷನ್ ಸಿಪ್ಪೆಯಂತೆ ಏಳುವುದುಂಟು. ಕಾಗದವೇ ಜೊತೆಗೆ ಬರುತ್ತಿದೆ ಎನಿಸಿದರೆ ಅಲ್ಲಿಗೇ ಬಿಡಿ. ಎದ್ದ ಸಿಪ್ಪೆಯನ್ನು ಎಸೆಯಬೇಡಿ. ಕೆಲವು ಸಲ ಅಕ್ಷರಗಳು ಅದರ ಹಿಂಬದಿಗೆ ಅಂಟಿಕೊಂಡು ಬಂದಿರುತ್ತವೆ, ಕನ್ನಡಿಯಲ್ಲಿ ಹಿಡಿದು ಓದಬಹುದು.

ಕಾರ್ಖಾನೆಯ ಅಚ್ಚು ನೇರ ಪ್ಲಾಸ್ಟಿಕ್ ಮೇಲಿದ್ದರೆ ಇಷ್ಟು ಭಯ ಬೇಕಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹಾಸಿಟ್ಟರೆ ಎಮಲ್ಷನ್ ಮೆತ್ತಗಾಗಿ ಬಿಡುತ್ತದೆ.

ಸ್ಟಿಕ್ಕರ್ ಇದೆ, ಆದರೆ ಅಕ್ಷರವೇ ಮಾಸಿ ಹೋಗಿದೆ. ಬರೀ ಹಳದಿ ಹಳದಿ ಕಲೆ.

ಆ ಹಳದಿ ಕಲೆಯೇ ಅಕ್ಷರ. ಥರ್ಮಲ್ ಅಚ್ಚು ವರ್ಷಗಳು ಕಳೆದಂತೆ ಕಪ್ಪಿನಿಂದ ಬೂದಿಗೆ, ಆಮೇಲೆ ತಿಳಿ ಹಳದಿಗೆ ಇಳಿಯುತ್ತದೆ. ಬಿಳಿಯ ಮೇಲೆ ತಿಳಿ ಹಳದಿ ನಮ್ಮ ಕಣ್ಣಿಗೆ ಕಾಣುವುದೇ ಕಷ್ಟ, ಫೋಟೋಗೆ ಹಾಗಲ್ಲ. ಯಾವುದೇ ಫೋಟೋ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿಂದ ಆಗಿರುತ್ತದೆ. ಹಳದಿ ವಸ್ತು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನೀಲಿ ಪದರವನ್ನು ಮಾತ್ರ ತೆಗೆದು ನೋಡಿದರೆ ಹಳದಿ ಅಕ್ಷರ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಆಮೇಲೆ ಕಾಂಟ್ರಾಸ್ಟ್ ಏರಿಸಿದರಾಯಿತು.

ಫೋನಿನ ಎಡಿಟರಿನಲ್ಲಿ ಪದರ ಬೇರ್ಪಡಿಸುವ ಅನುಕೂಲ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ImageMagick ಎಂಬ ಉಚಿತ ಸಾಧನದಿಂದ ಒಂದೇ ಸಾಲಿನಲ್ಲಿ ಆಗುತ್ತದೆ:

```
magick label.jpg -channel B -separate +channel -normalize blue.png
```

`label.jpg` ನಿಮ್ಮ ಫೋಟೋ, `blue.png` ಹೊರಬರುವ ಚಿತ್ರ. ಇಡೀ ಬಕೆಟ್ಟಿನ ಫೋಟೋಗೆ ಇದನ್ನು ಮಾಡಿದರೆ ಪ್ರಯೋಜನ ಕಡಿಮೆ, ಏಕೆಂದರೆ ಕಾಂಟ್ರಾಸ್ಟ್ ಲೆಕ್ಕ ಇಡೀ ಚಿತ್ರದ ಮೇಲೆ ನಡೆಯುತ್ತದೆ. ಮೊದಲು ಸ್ಟಿಕ್ಕರ್ ಮಾತ್ರ ಉಳಿಯುವಂತೆ ಕತ್ತರಿಸಿ. ಪೂರ್ತಿ ಬಿಳಿಯಾಗಿ ಹೋಗಿರುವ ಸ್ಟಿಕ್ಕರಿಗೆ ಮಾತ್ರ ಇದರಿಂದಲೂ ಜೀವ ಬರುವುದಿಲ್ಲ.

ಕಂಪನಿ ಹೆಸರಿದ್ದ ಜಾಗವೇ ಕಿತ್ತು ಹೋಗಿದೆ. ಬಕೆಟ್ ಬಣ್ಣ ನೋಡಿ ಹೇಳೋಕಾಗಲ್ವಾ?

ಬಕೆಟ್ಟಿನ ಬಣ್ಣವನ್ನು ನಂಬಬೇಡಿ. ಒಂದೇ ಕಂಪನಿ ನಾಲ್ಕಾರು ಬಣ್ಣದ ಬಕೆಟ್ ಬಿಡುತ್ತದೆ, ಪ್ಯಾಕಿಂಗ್ ಬದಲಾಗುತ್ತಲೇ ಇರುತ್ತದೆ. ಹಿಂಬದಿಯ ಸಣ್ಣ ಅಕ್ಷರಗಳ ಕಡೆ ಹೋಗಿ. ತಯಾರಕರ ವಿಳಾಸ, ಗ್ರಾಹಕರ ಫೋನ್ ನಂಬರ್, ವೆಬ್ ವಿಳಾಸದ ಒಂದು ತುಂಡು, ಪೇಂಟಿನ ಹೆಸರು, ಇದರಲ್ಲಿ ಯಾವುದಾದರೊಂದು ಓದಲು ಸಿಕ್ಕರೂ ಕಂಪನಿ ಸಿಕ್ಕಂತೆ.

ಅದೂ ಇಲ್ಲವಾದರೆ ಬಾರ್‌ಕೋಡ್. 13 ಅಂಕಿಗಳಲ್ಲಿ ಮೊದಲ ಮೂರು, ಆ ನಂಬರನ್ನು ಯಾವ ದೇಶದ ಸಂಸ್ಥೆ ಹಂಚಿತು ಎಂಬುದನ್ನಷ್ಟೇ ಹೇಳುತ್ತವೆ. 890 ಅಂದರೆ ಭಾರತ, 400ರಿಂದ 440 ಜರ್ಮನಿ, 500ರಿಂದ 509 ಬ್ರಿಟನ್. ಪೇಂಟ್ ಅಲ್ಲೇ ತಯಾರಾಯಿತು ಎಂದು ಅದರ ಅರ್ಥವಲ್ಲ. ಆನಂತರದ ಕೆಲವು ಅಂಕಿಗಳು ಕಂಪನಿಯವು. ಬಾರ್‌ಕೋಡ್ ಹಂಚುವ ಜಿಎಸ್1 ಸಂಸ್ಥೆಯ ವೆಬ್‌ಸೈಟಿನಲ್ಲಿ ಪೂರ್ತಿ ನಂಬರ್ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ನೋಡಬಹುದು. ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದ ಬರುವಂಥದ್ದು. ಹಾಗಾಗಿ ನಡುವೆ ಒಂದೇ ಒಂದು ಅಂಕಿ ಅಳಿಸಿದ್ದರೆ ಲೆಕ್ಕ ಹಾಕಿ ವಾಪಸ್ ಪಡೆಯಬಹುದು.

ಒಂದು ಎಚ್ಚರಿಕೆ: ಬಾರ್‌ಕೋಡಿನಲ್ಲಿ ಶೇಡ್ ಹುಡುಕಬೇಡಿ. ಅದು ಬೇಸ್ ಮತ್ತು ಅಳತೆಯ ನಂಬರ್. ಒಂದೇ ವೈಟ್ ಬೇಸಿನಿಂದ ಅಂಗಡಿಯವನು ನೂರು ಬಣ್ಣ ಮಾಡಿಕೊಟ್ಟರೂ ನೂರು ಬಕೆಟ್ಟಿನ ಮೇಲೂ ಅದೇ ಬಾರ್‌ಕೋಡ್ ಇರುತ್ತದೆ. ಬ್ಯಾಚ್ ನಂಬರ್ ಕೂಡ ಬೇಸಿನದ್ದೇ.

## ಕೋಡ್ ಓದುವುದು

SW 7029 ಅಂತ ಕಾಣ್ತಿದೆ. ಇದರಿಂದ ಕಂಪನಿ ಗೊತ್ತಾಯ್ತು ತಾನೆ?

ಶೇಡ್ ಯಾರದ್ದು ಎಂಬುದು ಗೊತ್ತಾಯಿತು. ಪೇಂಟ್ ಯಾರದ್ದು ಎಂಬುದು ಇನ್ನೂ ಗೊತ್ತಾಗಿಲ್ಲ.

ಕೋಡಿನ ಆಕಾರದಿಂದ ಶೇಡಿನ ಮನೆತನ ಹೇಳಬಹುದು. SW ಮತ್ತು ನಾಲ್ಕು ಅಂಕಿ ಇದ್ದರೆ ಶೆರ್ವಿನ್-ವಿಲಿಯಮ್ಸ್. HC-172 ಅಥವಾ 2121-10 ಥರ ಇದ್ದರೆ ಬೆಂಜಮಿನ್ ಮೂರ್. 30YY 56/060 ಥರದ್ದು ಡ್ಯುಲಕ್ಸ್ ಶೇಡ್ ಕಾರ್ಡುಗಳಲ್ಲಿ ಬರುವ ಬರಹ. ಇನ್ನು ಯಾವ ಕಂಪನಿಗೂ ಸೇರದ ಸಾರ್ವತ್ರಿಕ ಪದ್ಧತಿಗಳಿವೆ: RAL 9010 ಥರ ನಾಲ್ಕು ಅಂಕಿಯದ್ದು ಜರ್ಮನಿಯಲ್ಲಿ ಹುಟ್ಟಿದ ಪದ್ಧತಿ, S 1510-Y30R ಥರದ್ದು ಸ್ವೀಡನ್ನಿನ ಎನ್‌ಸಿಎಸ್, 08 B 15 ಥರದ್ದು ಬ್ರಿಟಿಷ್ ಸ್ಟ್ಯಾಂಡರ್ಡ್.

ಟಿಂಟಿಂಗ್ ಮೆಷಿನ್ನಿನ ಸಾಫ್ಟ್‌ವೇರಿನಲ್ಲಿ ಬೇರೆ ಕಂಪನಿಗಳ ಶೇಡುಗಳೂ ತುಂಬಿರುತ್ತವೆ. ಗಿರಾಕಿ ಒಂದು ಕಂಪನಿಯ ಶೇಡ್ ಕಾರ್ಡ್ ತಂದು ಇನ್ನೊಂದು ಕಂಪನಿಯ ಪೇಂಟಿನಲ್ಲಿ ಮಾಡಿಸಿಕೊಂಡು ಹೋಗುವುದು ದಿನನಿತ್ಯದ ಸಂಗತಿ. ಆಗ ಬಕೆಟ್ ಒಬ್ಬರದ್ದು, ಸ್ಟಿಕ್ಕರಿನ ಕೋಡ್ ಇನ್ನೊಬ್ಬರದ್ದು. ನಿಮ್ಮ ಗೋಡೆಯ ಮೇಲಿರುವುದು ಮೂಲ ಶೇಡ್ ಅಲ್ಲ, ಬಕೆಟ್ಟಿನ ಕಂಪನಿಯವರು ಅದನ್ನು ಅನುಕರಿಸಿ ಮಾಡಿದ್ದು. ಈಗ ನೀವು ಕೋಡ್ ಹಿಡಿದು ಮೂಲ ಕಂಪನಿಯ ಪೇಂಟನ್ನೇ ತಂದರೆ, ಅದು ಎಷ್ಟೇ ‘ಅಸಲಿ’ಯಾದರೂ ನಿಮ್ಮ ಗೋಡೆಗೆ ಕೂರದೇ ಇರಬಹುದು. ಗೋಡೆಗೆ ಹೊಂದಬೇಕೆಂದರೆ ಬಕೆಟ್ಟಿನ ಕಂಪನಿಗೇ ಹೋಗಿ, ಸ್ಟಿಕ್ಕರಿನ ಕೋಡ್ ಕೊಟ್ಟು, ಅದೇ ಬೇಸಿನಲ್ಲಿ ಮಾಡಿಸಿ.

ಕೋಡಿನಲ್ಲಿ ಒಂದು ಅಂಕಿ ಮೇಲೆ ಸರಿಯಾಗಿ ಪೇಂಟ್ ಹನಿ ಬಿದ್ದಿದೆ. ಊಹೆ ಮಾಡಬಹುದಾ?

ಊಹೆ ಬೇಡ, ಸೋಸಬಹುದು. ಕೋಡುಗಳಿಗೆ ಒಳಗಿನ ವ್ಯಾಕರಣವಿರುತ್ತದೆ. ಒಂದು ಪ್ರಸಂಗ ಪೂರ್ತಿ ಹೇಳುತ್ತೇನೆ.

ಫೋಟೋದಲ್ಲಿ ಓದಲು ಬಂದದ್ದು ಇಷ್ಟು: S 1▮10-Y30R. ಎರಡನೇ ಅಂಕಿಯ ಮೇಲೆ ಹನಿ. ಇದು ಎನ್‌ಸಿಎಸ್ ಕೋಡ್. ಮೊದಲ ಎರಡು ಅಂಕಿ ಬಣ್ಣದಲ್ಲಿರುವ ಕಪ್ಪಿನ ಪಾಲು, ನಂತರದ ಎರಡು ಬಣ್ಣದ ತೀವ್ರತೆ, ಕೊನೆಯದ್ದು ಬಣ್ಣದ ದಿಕ್ಕು. Y30R ಎಂದರೆ ಹಳದಿಯಿಂದ ಕೆಂಪಿನ ಕಡೆ ನೂರರಲ್ಲಿ ಮೂವತ್ತು ಹೆಜ್ಜೆ. ಅಂದರೆ ತೀವ್ರತೆ ಬರೀ ಹತ್ತು ಇರುವ, ಸ್ವಲ್ಪ ಬೆಚ್ಚಗಿನ ತಿಳಿ ಮಣ್ಣು ಬಣ್ಣ.

ಮರೆಯಾದ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಯಾವುದಾದರೂ ಇರಬಹುದಲ್ಲ ಎನ್ನಿಸುತ್ತದೆ. ಇರಲಾರದು. ಈ ಪದ್ಧತಿಯ ಅಚ್ಚಾದ ಶೇಡುಗಳಲ್ಲಿ ಕಪ್ಪಿನ ಪಾಲು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಒಂದರಿಂದ ಶುರುವಾಗುವ ಮೆಟ್ಟಿಲು ಎರಡೇ: 10 ಮತ್ತು 15. ಹತ್ತು ಸಾಧ್ಯತೆ ಎರಡಕ್ಕಿಳಿಯಿತು. S 1010-Y30R ಅಥವಾ S 1510-Y30R.

ಇನ್ನೊಂದು ಅನುಮಾನವೂ ಇತ್ತು. ಆ ಮಸುಕು ಅಚ್ಚಿನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತಿದ್ದವು. Y30R ಬದಲು Y80R ಆಗಿದ್ದರೆ? ಅದೂ ಇರಬಹುದಾದ ಕೋಡೇ. ಇದನ್ನು ಗೋಡೆಯೇ ಹೇಳಿತು. Y80R ಕೆಂಪಿಗೆ ಹತ್ತಿರ, ಗೋಡೆ ಮಂಕು ಗುಲಾಬಿಯಾಗಿ ಕಾಣಬೇಕಿತ್ತು. ಮನೆಯವರನ್ನು ಕೇಳಿದರೆ, ‘ಅಯ್ಯೋ ಗುಲಾಬಿಯಲ್ಲ, ಹಾಲು ಜಾಸ್ತಿ ಹಾಕಿದ ಚಹಾ ಥರ’ ಎಂದರು. ಅಲ್ಲಿಗೆ 3 ಎಂದು ಖಚಿತವಾಯಿತು.

ಉಳಿದ ಎರಡನ್ನು ಬೇರ್ಪಡಿಸಲು ಎರಡೂ ಶೇಡಿನ ಚಿಕ್ಕ ಸ್ಯಾಂಪಲ್ ಮಾಡಿಸಿ, ಎರಡು ಬಿಳಿ ರಟ್ಟಿನ ಮೇಲೆ ಎರಡೆರಡು ಕೋಟ್ ಹೊಡೆದು, ಒಂದು ದಿನ ಒಣಗಲು ಬಿಟ್ಟೆವು. ಎಮಲ್ಷನ್ ಹಸಿಯಿದ್ದಾಗ ತಿಳಿಯಾಗಿ ಕಂಡು ಒಣಗಿದಂತೆ ಗಾಢವಾಗುತ್ತದೆ, ಹಾಗಾಗಿ ಹಸಿ ಪೇಂಟ್ ನೋಡಿ ತೀರ್ಮಾನಿಸುವುದು ಬೇಡ. ಮರುದಿನ ರಟ್ಟುಗಳನ್ನು ಗೋಡೆಗೆ ಒತ್ತಿ ಹಿಡಿದರೆ S 1510 ಸರಿಯಾಗಿ ಕೂತಿತು. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಅದೇ ಗೋಡೆಯಲ್ಲಿ ದೊಡ್ಡ ಫೋಟೋ ಫ್ರೇಮ್ ಒಂದು ವರ್ಷಗಳಿಂದ ನೇತಾಡುತ್ತಿತ್ತು. ಅದನ್ನು ಇಳಿಸಿ ನೋಡಿದರೆ ಹಿಂದಿನ ಚೌಕ ಸುತ್ತಲಿಗಿಂತ ತಿಳಿಯಾಗಿತ್ತು. ಅಲ್ಲಿ ರಟ್ಟು ಹಿಡಿದಾಗ ಕೂತದ್ದು S 1010. ಬಕೆಟ್ಟಿನ ಮೇಲಿದ್ದ ಶೇಡ್ ಅದೇ. ಉಳಿದ ಗೋಡೆ ಧೂಳು, ಹೊಗೆ, ಕೈ ತಾಗಿ ಒಂದು ಮೆಟ್ಟಿಲು ಕಪ್ಪಿಗೆ ಇಳಿದಿತ್ತು. ಇಡೀ ಗೋಡೆ ಹೊಡೆಯುವುದಿತ್ತು, ಆದ್ದರಿಂದ S 1010 ತರಿಸಿದರು. ತೇಪೆ ಮಾತ್ರ ಹಾಕುವುದಿದ್ದರೆ ಸರಿಯಾದ ಕೋಡ್ ಸಿಕ್ಕ ಮೇಲೂ ತೇಪೆ ಎದ್ದು ಕಾಣುತ್ತಿತ್ತು.

ಆಯಿಲ್ ಪೇಂಟಿಗೆ ಫ್ರೇಮ್ ಹಿಂದಿನ ಜಾಗ ಸಾಕ್ಷಿಯಾಗುವುದಿಲ್ಲ. ಬಿಳಿ ಮತ್ತು ತಿಳಿ ಬಣ್ಣದ ಆಯಿಲ್ ಪೇಂಟ್ ಬೆಳಕು ಬೀಳದ ಕಡೆಯೇ ಹೆಚ್ಚು ಹಳದಿಯಾಗುತ್ತದೆ.

ಕೋಡ್ ಇಲ್ಲ, ಹೆಸರು ಮಾತ್ರ ಇದೆ. ಸಾಕಾ?

ಕಂಪನಿ ಖಚಿತವಾಗಿ ಗೊತ್ತಿದ್ದರೆ ಸಾಕು. ಗೊತ್ತಿಲ್ಲದಿದ್ದರೆ ಸಾಲದು. ‘ಐವರಿ’ ಎಂಬ ಹೆಸರು ಎಷ್ಟು ಕಂಪನಿಗಳಲ್ಲಿದೆಯೋ ಅಷ್ಟು ಬೇರೆ ಬೇರೆ ಐವರಿಗಳಿವೆ.

ಸ್ಟಿಕ್ಕರ್ ಮೇಲ್ಭಾಗ ಹರಿದಿದೆ. ಕೆಳಗೆ ಬರೀ ಒಂದೆರಡು ಅಕ್ಷರ, ಅದರ ಮುಂದೆ ದಶಾಂಶ ಅಂಕಿ. ಇದೇನು ಪ್ರಯೋಜನಕ್ಕೆ ಬರುತ್ತಾ?

ಬರುತ್ತದೆ, ಕೋಡಿಗಿಂತ ಹೆಚ್ಚೇ ಬರಬಹುದು. ಅದು ಆ ಬಕೆಟ್ಟಿಗೆ ಮೆಷಿನ್ ಸುರಿದ ಬಣ್ಣಗಳ ಪಟ್ಟಿ, ಅಂದರೆ ಫಾರ್ಮುಲಾ. ಅಕ್ಷರ ಬಣ್ಣದ ಗುರುತು, ಅಂಕಿ ಅದರ ಅಳತೆ. ಅಳತೆ ಸಾಮಾನ್ಯವಾಗಿ ಮಿಲಿಲೀಟರಿನಲ್ಲಿ, ಕೆಲವು ದೇಶಗಳಲ್ಲಿ ಔನ್ಸಿನ ಭಾಗಗಳಲ್ಲಿ. ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಕಪ್ಪು ಈ ಮೂರೇ ಇದ್ದರೆ ಗೋಡೆ ಕೆನೆ, ಮಣ್ಣು, ಬೂದು ಜಾತಿಯದ್ದು ಎಂದು ನೋಡದೆಯೇ ಹೇಳಬಹುದು.

ಅದೇ ಕಂಪನಿಯ ಅಂಗಡಿಯಲ್ಲಿ ಫಾರ್ಮುಲಾವನ್ನು ಕೈಯಿಂದಲೇ ಮೆಷಿನ್ನಿಗೆ ಹಾಕಿ ಬಣ್ಣ ಮಾಡಿಸಬಹುದು. ಆದರೆ ಮೂರು ಸಂಗತಿ ಹೊಂದಬೇಕು. ಮೊದಲನೆಯದು ಪ್ಯಾಕಿನ ಅಳತೆ. ಫಾರ್ಮುಲಾ ಆ ಬಕೆಟ್ಟಿನದ್ದು. ಹಳೆಯದು 10 ಲೀಟರ್ ಇದ್ದು ನಿಮಗೆ ಬೇಕಿರುವುದು 1 ಲೀಟರ್ ಆದರೆ ಪ್ರತಿಯೊಂದು ಅಂಕಿಯನ್ನೂ ಹತ್ತರಿಂದ ಭಾಗಿಸಬೇಕು. 10 ಲೀಟರಿಗೆ 24 ಮಿಲಿ ಹಳದಿ ಬಿದ್ದಿದ್ದರೆ 1 ಲೀಟರಿಗೆ 2.4 ಮಿಲಿ. ಅದೇ ಪಟ್ಟಿಯಲ್ಲಿ ಕಪ್ಪು 0.6 ಮಿಲಿ ಇದ್ದರೆ ಈಗ 0.06 ಮಿಲಿ ಬೀಳಬೇಕು, ಅಷ್ಟು ಸಣ್ಣ ಹನಿಯನ್ನು ಎಲ್ಲಾ ಮೆಷಿನ್ನುಗಳೂ ಕರಾರುವಾಕ್ಕಾಗಿ ಬಿಡಲಾರವು. ಬಣ್ಣ ತಪ್ಪುವುದು ಇಂಥ ಕಡೆಯೇ. ಸಾಧ್ಯವಿದ್ದರೆ ದೊಡ್ಡ ಪ್ಯಾಕನ್ನೇ ಮಾಡಿಸಿ.

ಎರಡನೆಯದು ಬೇಸ್. ಅದೇ ಹನಿಗಳನ್ನು ಡೀಪ್ ಬೇಸಿಗೆ ಹಾಕಿದರೆ ಬೇರೆಯೇ ಬಣ್ಣ ಬರುತ್ತದೆ. ಮೂರನೆಯದು ಮೆಷಿನ್ ಸುರಿಯುವ ಬಣ್ಣಗಳ ವ್ಯವಸ್ಥೆ. ಅಕ್ಷರಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಗಾಢತೆಯೂ ಬೇರೆ. ಒಂದು ಕಂಪನಿಯ ಫಾರ್ಮುಲಾ ಇನ್ನೊಂದರ ಮೆಷಿನ್ನಿನಲ್ಲಿ ನಡೆಯುವುದಿಲ್ಲ. ಕಂಪನಿಯೇ ತನ್ನ ಬಣ್ಣಗಳನ್ನು ಬದಲಿಸಿದ್ದರೆ ಹಳೆಯ ಪಟ್ಟಿ ಅದರಲ್ಲೂ ನಡೆಯುವುದಿಲ್ಲ.

## ಗೋಡೆಗೆ ಹೊಂದಿಸುವುದು

ಕೋಡ್ ಎಲ್ಲಾ ಯಾಕೆ? ಬಕೆಟ್ ಅಂಚಿನಲ್ಲಿ ಅದೇ ಬಣ್ಣ ಒಣಗಿದೆ. ಫೋಟೋದಿಂದಲೇ ಆ ಬಣ್ಣ ತೆಗೆದು ಶೇಡ್ ಹೇಳೋ ಆ್ಯಪ್ ಇದ್ಯಲ್ಲ?

ಇದೆ. ಅದು ಕೊಡುವುದು ಅಂದಾಜು. ನಿಮ್ಮ ಫೋನಿನ ಕ್ಯಾಮೆರಾ ಪ್ರತಿ ಫೋಟೋದಲ್ಲೂ ಬೆಳಕನ್ನು ತನಗೆ ತೋಚಿದಂತೆ ತಿದ್ದುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದ ಬಿಳಿಯನ್ನು ನೀಲಿಯ ಕಡೆ ಎಳೆಯುತ್ತದೆ, ನೆರಳಿನಲ್ಲಿದ್ದುದನ್ನು ಬೆಳಗಿಸುತ್ತದೆ. ಅನುಮಾನವಿದ್ದರೆ ಒಂದೇ ಗೋಡೆಯನ್ನು ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಮೂರು ಫೋಟೋ ತೆಗೆದು ಆ್ಯಪಿಗೆ ಹಾಕಿ ನೋಡಿ. ಮೂರು ಶೇಡ್ ಹೆಸರು ಬಂದರೆ ಆಶ್ಚರ್ಯಪಡಬೇಡಿ. ಮೇಲಿನ ಪ್ರಸಂಗದ S 1010 ಮತ್ತು S 1510 ನಡುವಿನ ಅಂತರವನ್ನು ಫೋಟೋ ಹಿಡಿಯಲಾರದು, ಗೋಡೆಯ ಮೇಲೆ ಅಕ್ಕಪಕ್ಕ ಬಂದಾಗ ನಿಮ್ಮ ಕಣ್ಣು ಮಾತ್ರ ಕ್ಷಣದಲ್ಲಿ ಹಿಡಿಯುತ್ತದೆ.

ಆದ್ದರಿಂದ ಫೋಟೋವನ್ನು ಅಕ್ಷರ ಓದುವುದಕ್ಕೆ ಬಳಸಿ, ಬಣ್ಣ ಅಳೆಯುವುದಕ್ಕೆ ಬೇಡ. ಬಕೆಟ್ ಅಂಚಿನ ಒಣಗಿದ ಪೇಂಟನ್ನು ಫೋಟೋ ತೆಗೆಯುವ ಬದಲು ಕಿತ್ತು ಜೋಪಾನ ಮಾಡಿ. ಅದರ ಉಪಯೋಗ ಕೊನೆಯ ಪ್ರಶ್ನೆಯಲ್ಲಿದೆ.

ಕೋಡ್ ಸರಿ, ಕಂಪನಿ ಸರಿ, ಬೇಸ್ ಸರಿ. ಆದ್ರೂ ಹೊಸದಾಗಿ ಹೊಡೆದ ಜಾಗ ಎದ್ದು ಕಾಣ್ತಿದೆ. ಅಂಗಡಿಯವ್ರು ಮೋಸ ಮಾಡಿದ್ರಾ?

ಮೋಸ ಎನ್ನುವ ಮೊದಲು ಗೋಡೆಯ ಪಕ್ಕ ನಿಂತು, ಕಿಟಕಿಯ ಕಡೆಗೆ ಮುಖ ಮಾಡಿ, ಓರೆಯಾಗಿ ನೋಡಿ. ನೇರ ನೋಡಿದಾಗ ಬಣ್ಣ ಒಂದೇ ಇದ್ದು ಓರೆ ನೋಡಿದಾಗ ಮಾತ್ರ ತೇಪೆ ಕಂಡರೆ ತಪ್ಪು ಶೇಡಿನದ್ದಲ್ಲ, ಹೊಳಪಿನದ್ದು. ಹೊಳಪಿಲ್ಲದ ಮ್ಯಾಟ್ ಇದ್ದ ಗೋಡೆಗೆ ತುಸು ಹೊಳೆಯುವ ಶೀನ್ ಹೊಡೆದರೆ ಹೀಗಾಗುತ್ತದೆ. ಅದೇ ಪೇಂಟಾದರೂ ಮೊದಲು ರೋಲರಿನಲ್ಲಿ ಹೊಡೆದ ಗೋಡೆಗೆ ಈಗ ಬ್ರಷ್ ಹಾಕಿದರೂ ಮೇಲ್ಮೈ ಬೇರೆಯಾಗಿ ಅದೇ ಥರ ಕಾಣುತ್ತದೆ. ಪುಟ್ಟಿ ಹಾಕಿದ ಕಡೆ ಪ್ರೈಮರ್ ಇಲ್ಲದೆ ಹೊಡೆದಿದ್ದರೆ ಅಲ್ಲಿ ಪೇಂಟ್ ಒಳಗೆ ಹೀರಿಕೊಂಡು ಮಂಕಾಗಿರುತ್ತದೆ.

ಎಲ್ಲಿಂದ ನೋಡಿದರೂ ಬೇರೆ ಬಣ್ಣ ಕಂಡರೆ ಗೋಡೆ ಹಳತಾಗಿದೆ ಎಂದರ್ಥ, ಅಥವಾ ಬಕೆಟ್ ಸರಿಯಾಗಿ ಕಲಸಿಲ್ಲ. ಹಗಲಲ್ಲಿ ಹೊಂದಿ ರಾತ್ರಿ ದೀಪದಲ್ಲಿ ಮಾತ್ರ ಬೇರೆ ಕಾಣುವ ಇನ್ನೊಂದು ವಿಚಿತ್ರವಿದೆ. ಅದು ಎರಡು ಬೇರೆ ಬಗೆಯ ಬಣ್ಣಪುಡಿಗಳಿಂದ ಒಂದೇ ಬಣ್ಣ ಮಾಡಿದಾಗ ಬರುವಂಥದ್ದು. ಕಂಪನಿ ಬದಲಾದ ಕಡೆ ಹೆಚ್ಚು.

ಉಪಾಯ ಹಳೆಯದೇ: ತೇಪೆ ಹಾಕಬೇಡಿ, ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಯಿರಿ. ಮೂಲೆಯಲ್ಲಿ ಎರಡು ಗೋಡೆಯ ಮೇಲೆ ಬೆಳಕು ಹೇಗೂ ಬೇರೆ ಬೇರೆಯಾಗಿ ಬೀಳುವುದರಿಂದ ಅಷ್ಟಿಷ್ಟು ವ್ಯತ್ಯಾಸ ಅಲ್ಲಿ ಮುಚ್ಚಿಹೋಗುತ್ತದೆ.

ಏನೇ ಮಾಡಿದ್ರೂ ಲೇಬಲ್ ಓದೋಕೆ ಆಗ್ತಿಲ್ಲ. ಬಕೆಟ್ ಎಸೆದುಬಿಡಲಾ?

ಎಸೆಯುವ ಮುಂಚೆ ಮುಚ್ಚಳ ತಿರುಗಿಸಿ ನೋಡಿ. ಒಳಬದಿಯಲ್ಲಿ ಪೇಂಟ್ ಪದರವಾಗಿ ಒಣಗಿರುತ್ತದೆ. ಬಿಸಿಲು, ಧೂಳು ಕಾಣದ, ಸಪಾಟಾದ ಪದರ ಅದು. ನಾಣ್ಯಕ್ಕಿಂತ ದೊಡ್ಡದಾಗಿ, ಎರಡು ಮೂರು ಸೆಂಟಿಮೀಟರ್ ಅಗಲದ ಚೂರು ಕಿತ್ತರೆ ಅಂಗಡಿಯ ಬಣ್ಣ ಅಳೆಯುವ ಯಂತ್ರಕ್ಕೆ ಸಾಕು. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಆ ಯಂತ್ರ ತನ್ನದೇ ಬೆಳಕು ಬಿಟ್ಟು ಅಳೆಯುವುದರಿಂದ ಕ್ಯಾಮೆರಾದ ತಂಟೆ ಅದಕ್ಕಿಲ್ಲ. ಚೂರು ತೆಳ್ಳಗಿದ್ದು ಬೆಳಕು ಹಾಯುವಂತಿದ್ದರೆ ಎರಡು ಮೂರು ಪದರ ಮಡಿಸಿ ಕೊಡಿ, ಇಲ್ಲದಿದ್ದರೆ ಹಿಂದಿರುವ ವಸ್ತುವಿನ ಬಣ್ಣವೂ ಅಳತೆಯಲ್ಲಿ ಸೇರುತ್ತದೆ. ಚೂರಿನ ಎರಡೂ ಬದಿ ಬೇರೆ ಬೇರೆ ಬಣ್ಣವಿದ್ದರೆ ಅದನ್ನು ಬಿಡಿ. ಅಂದು ಪೇಂಟ್ ಕಲಸುವ ಮೊದಲೇ ಮುಚ್ಚಳಕ್ಕೆ ಸಿಡಿದದ್ದು ಅದು.

ಮುಚ್ಚಳದಲ್ಲಿ ಸಿಗದಿದ್ದರೆ ಸ್ವಿಚ್ ಬೋರ್ಡಿನ ಪ್ಲೇಟ್ ತೆಗೆಸಿ ಅದರ ಹಿಂದಿನ ಗೋಡೆಯಿಂದ ಬ್ಲೇಡಿನಲ್ಲಿ ಒಂದು ಚೂರು ಎಬ್ಬಿಸಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆ ಚೂರಿನ ಜೊತೆ ಬಕೆಟ್ಟಿನ ದೊಡ್ಡ ಲೇಬಲ್‌ನ ಫೋಟೋವನ್ನೂ ಒಯ್ಯಿರಿ. ಶೇಡ್ ಯಂತ್ರ ಹೇಳುತ್ತದೆ, ಆದರೆ ಯಾವ ಕಂಪನಿ, ಯಾವ ಬೇಸ್, ಎಷ್ಟು ಹೊಳಪು ಎಂಬುದನ್ನು ಅದಕ್ಕೆ ನೀವೇ ಹೇಳಬೇಕು.